ಶಾಲೆ ಫೀಸ್ ಕಾರ್ಡ್‌ನಾಗ ಕಟ್ಟಿದ್ರ ಪಾಯಿಂಟ್ ಯಾರಿಗೆ, ಖರ್ಚು ಯಾರಿಗೆ?

ಬೀದರ್‌ನಿಂದ ಮಾತಾಡ್ಲಿಕ್ಕತ್ತೀನಿ. ಹಿಂದೆ ಫ್ಯಾನಿನ ಸದ್ದು ಕೇಳಿದ್ರ ಬೇಜಾರಾಗಬ್ಯಾಡ್ರಿ, ಇಲ್ಲಿಯ ಬಿಸಿಲಿಗೆ ಅದನ್ನ ಆಫ್ ಮಾಡೋ ಧೈರ್ಯ ನನಗಿಲ್ಲ.

ಕಳೆದ ಜೂನ್ ಶುರುವಿನಲ್ಲಿ ಭಾಲ್ಕಿಯಿಂದ ಅಕ್ಕನ ಫೋನ್ ಬಂತು. ಇಬ್ಬರು ಮಕ್ಕಳ ಶಾಲೆ ಫೀಸ್ ಸೇರಿ 30,000 ರೂಪಾಯಿ. ಅದೇ ವಾರ ಭಾವ ಸೋಯಾ ಬೀಜ, ಗೊಬ್ಬರ ತಂದಿದ್ದರು, ಕೈ ಖಾಲಿ. "ತಮ್ಮಾ, ಕ್ರೆಡಿಟ್ ಕಾರ್ಡ್‌ನಿಂದ ಆಪ್‌ನಾಗ ಫೀಸ್ ಕಟ್ಟಿದ್ರ ಪಾಯಿಂಟ್ ಭೀ ಬರ್ತಾವಂತ, ನೀ ಬಿ.ಕಾಂ ಓದೀಯಲ್ಲ, ಸ್ವಲ್ಪ ಲೆಕ್ಕ ಹಾಕಿ ಹೇಳು" ಅಂದಳು. ಆ ಲೆಕ್ಕವೇ ಇವತ್ತಿನ ಎಪಿಸೋಡ್.

ಮೊದಲು ಬಾಡಿಗೆ ವಿಷಯ ಮುಗಿಸಿಬಿಡ್ತೀನಿ, ಯಾಕಂದ್ರ ಭಾಳ ಜನ ಕೇಳ್ತೀರಿ. ಮನೆ ಓನರ್ ಅಕೌಂಟಿಗೆ ಕಾರ್ಡ್‌ನಿಂದ ಬಾಡಿಗೆ ಹಾಕೋದು ಒಂದು ಕಾಲಕ್ಕೆ ಜೋರಾಗಿತ್ತು. ಆಮೇಲೆ ಬ್ಯಾಂಕ್‌ಗಳು ಒಂದೊಂದಾಗಿ ಅದಕ್ಕೆ ಫೀ ಹಚ್ಚಿದವು. ಎಸ್‌ಬಿಐ ಕಾರ್ಡ್ 2023ರ ಮಾರ್ಚ್‌ನಿಂದ ಪ್ರತಿ ಬಾಡಿಗೆ ಪೇಮೆಂಟಿಗೆ 199 ರೂಪಾಯಿ, ಮೇಲೆ ಜಿಎಸ್‌ಟಿ ಅಂತ ಮಾಡಿತು. ಅಂದ್ರ ಸುಮಾರು 235. ಬೆಂಗಳೂರಿನಲ್ಲಿ 40,000 ಬಾಡಿಗೆ ಕಟ್ಟೋರಿಗೆ ಇದು ಶೇಕಡಾ 0.6 ಅಷ್ಟೇ. ಬೀದರ್‌ನಲ್ಲಿ 7,000 ಬಾಡಿಗೆ ಕಟ್ಟೋ ನನ್ನಂಥವರಿಗೆ ಶೇಕಡಾ 3.35. ಫೀ ಒಂದೇ, ಹೊಡೆತ ಬೇರೆ. ಕೊನೆಗೆ 2025ರ ಸೆಪ್ಟೆಂಬರ್ 15ರಂದು ರಿಸರ್ವ್ ಬ್ಯಾಂಕ್ ಪೇಮೆಂಟ್ ಅಗ್ರಿಗೇಟರ್‌ಗಳಿಗೆ ಹೊಸ ನಿಯಮ ತಂದಿತು. ಯಾವ ವ್ಯಾಪಾರಿಯ ಜೊತೆ ಕರಾರು ಮಾಡಿಕೊಂಡು ಕೆವೈಸಿ ಮುಗಿಸಿದ್ದಾರೋ, ಅವರ ಪರವಾಗಿ ಮಾತ್ರ ಹಣ ತಗೋಬೇಕು ಅಂತ. ನಮ್ಮ ಓನರ್ ಕಾಕಾ ವ್ಯಾಪಾರಿ ಅಲ್ಲವಲ್ಲ. ಹಂಗಾಗಿ ಫೋನ್‌ಪೇ, ಪೇಟಿಎಂ, ಕ್ರೆಡ್‌ನಂಥ ಆಪ್‌ಗಳು ಆ ಬಾಡಿಗೆ ದಾರಿಯನ್ನ ಮುಚ್ಚಿದವು.

ಶಾಲೆಯ ಕಥೆ ಬೇರೆ, ಅಲ್ಲಿ ಬಾಗಿಲು ತೆರೆದೇ ಇದೆ. ಆದ್ರ ಎರಡು ಬಾಗಿಲು ಇವೆ, ಇದು ಭಾಳ ಜನಕ್ಕೆ ಗೊತ್ತಿಲ್ಲ. ಒಂದು, ಶಾಲೆಯ ಸ್ವಂತ ವೆಬ್‌ಸೈಟ್ ಅಥವಾ ಆಫೀಸಿನ ಸ್ವೈಪ್ ಮಷಿನ್. ಇನ್ನೊಂದು, ನಡುವೆ ನಿಲ್ಲೋ ಮೂರನೆಯವರ ಆಪ್. ಎಚ್‌ಡಿಎಫ್‌ಸಿ ಬ್ಯಾಂಕ್ 2024ರ ಆಗಸ್ಟ್‌ನಿಂದ, ಎಸ್‌ಬಿಐ ಕಾರ್ಡ್ 2025ರ ನವೆಂಬರ್‌ನಿಂದ, ಎರಡನೇ ಬಾಗಿಲಿನಿಂದ ಕಟ್ಟಿದ ಶಿಕ್ಷಣ ಫೀಸಿಗೆ ಶೇಕಡಾ 1 ಶುಲ್ಕ ಹಾಕ್ತಿವೆ. ಮೊದಲನೇ ಬಾಗಿಲಿಗೆ ಈ ಶುಲ್ಕ ಇಲ್ಲ.

ಅಕ್ಕನ ಲೆಕ್ಕಕ್ಕೆ ಬರೋಣ. ಅಕಿ ನೋಡಿದ ಆಪ್‌ನಲ್ಲಿ ಕನ್ವೀನಿಯನ್ಸ್ ಫೀ ಶೇಕಡಾ 1.5 ಇತ್ತು. 30,000ಕ್ಕೆ 450, ಅದರ ಮೇಲೆ ಶೇಕಡಾ 18 ಜಿಎಸ್‌ಟಿ 81, ಒಟ್ಟು 531. ಇದು ಪೇ ಬಟನ್ ಒತ್ತೋ ಮೊದಲೇ ಸ್ಕ್ರೀನ್ ಮೇಲೆ ಕಾಣ್ತದ, ಆದ್ದರಿಂದ ಖರ್ಚು ಇಷ್ಟೇ ಅಂತ ಅಕ್ಕ ತಿಳ್ಕೊಂಡಿದ್ದಳು. ಬ್ಯಾಂಕಿನ ಶೇಕಡಾ 1 ಅಲ್ಲಿ ಕಾಣೋದೇ ಇಲ್ಲ. ಅದು ತಿಂಗಳ ಸ್ಟೇಟ್‌ಮೆಂಟ್‌ನಲ್ಲಿ ಬೇರೆ ಸಾಲಾಗಿ ಬರ್ತದ. 30,531ರ ಮೇಲೆ 305, ಜಿಎಸ್‌ಟಿ ಸೇರಿ 360. ಎರಡೂ ಕೂಡಿಸಿದ್ರ 891 ರೂಪಾಯಿ, ಫೀಸಿನ ಹತ್ತಿರ ಹತ್ತಿರ ಶೇಕಡಾ 3.

ಈಗ ಪಾಯಿಂಟ್. ಅಕ್ಕನ ಕಾರ್ಡ್ ಸಾದಾ ಕಾರ್ಡ್. 100 ರೂಪಾಯಿಗೆ 1 ಪಾಯಿಂಟ್, ಒಂದು ಪಾಯಿಂಟಿಗೆ 25 ಪೈಸೆ. ಅಂದ್ರ 305 ಪಾಯಿಂಟ್, 76 ರೂಪಾಯಿ. 891 ಕೊಟ್ಟು 76 ತಗೊಳ್ಳೋ ವ್ಯಾಪಾರ ನಮ್ಮ ಗಾಂಧಿ ಗಂಜ್‌ನ ಅಡತ್ ಅಂಗಡಿಯಲ್ಲಿ ಹೇಳಿದ್ರ ಚಾ ಕುಡಿಸಿ ಮನೆಗೆ ಕಳಿಸ್ತಾರ.

ಆ 76 ಕೂಡ ಖಾತ್ರಿ ಅಲ್ಲ. ಪ್ರತಿ ವ್ಯಾಪಾರಿಗೆ ಕಾರ್ಡ್ ನೆಟ್‌ವರ್ಕ್‌ನಲ್ಲಿ ನಾಲ್ಕು ಅಂಕಿಯ ಒಂದು ಕೋಡ್ ಇರ್ತದ. ಶಾಲೆಗೆ 8211, ಬಾಡಿಗೆಗೆ 6513. ಯಾವ ಕೋಡಿಗೆ ಪಾಯಿಂಟ್ ಕೊಡಬೇಕು, ಯಾವುದಕ್ಕೆ ಬ್ಯಾಡ ಅಂತ ಬ್ಯಾಂಕ್ ಈ ಕೋಡ್ ನೋಡೇ ತೀರ್ಮಾನಿಸ್ತದ. ಬಾಡಿಗೆಗೆ ಬಹಳಷ್ಟು ಕಾರ್ಡ್‌ಗಳು ಪಾಯಿಂಟ್ ಕೊಡೋದನ್ನ ನಿಲ್ಲಿಸಿವೆ, ಶಿಕ್ಷಣಕ್ಕೆ ಕಾರ್ಡಿನಿಂದ ಕಾರ್ಡಿಗೆ ಬೇರೆ. ವರ್ಷಕ್ಕೆ ಇಷ್ಟು ಖರ್ಚು ಮಾಡಿದ್ರ ವಾರ್ಷಿಕ ಫೀ ಮಾಫಿ ಅಂತಾರಲ್ಲ, ಆ ಲೆಕ್ಕಕ್ಕೂ ಕೆಲವೊಮ್ಮೆ ಇವು ಸೇರೋದಿಲ್ಲ. ನಿಮ್ಮ ಕಾರ್ಡಿನ ನಿಯಮಗಳ ಪಿಡಿಎಫ್ ತೆಗೆದು rent, education ಅಂತ ಎರಡು ಪದ ಹುಡುಕ್ರಿ. ಎರಡು ನಿಮಿಷದ ಕೆಲಸ.

ಇಷ್ಟು ಹೇಳಿದ ಮ್ಯಾಲೆ ಅಕ್ಕ ಕೇಳಿದ ಮಾತು ನನ್ನನ್ನ ಸುಮ್ಮನಾಗಿಸಿತು. "891 ಹೋದ್ರ ಹೋಗ್ಲಿ, ನನಗ ಟೈಮ್ ಸಿಗ್ತದಲ್ಲ?"

ಹೌದು, ಅಸಲಿ ಪ್ರಶ್ನೆ ಪಾಯಿಂಟಿಂದು ಅಲ್ಲ. ನಮ್ಮ ಕಡೆ ರೊಕ್ಕದ ಕ್ಯಾಲೆಂಡರೇ ಬೇರೆ. ಜೂನ್‌ನಲ್ಲಿ ಬಿತ್ತನೆ, ಫೀಸ್, ಎರಡೂ ಒಮ್ಮೆಗೇ. ಸೋಯಾ ಕೈಗೆ ಬರೋದು ಸೆಪ್ಟೆಂಬರ್ ಕೊನೆ, ಅಕ್ಟೋಬರ್. ಅಕ್ಕನ ಬಿಲ್ ಪ್ರತಿ ತಿಂಗಳು 20ಕ್ಕೆ ತಯಾರಾಗ್ತದ, ಕಟ್ಟೋ ಕೊನೆಯ ದಿನ ಮುಂದಿನ ತಿಂಗಳ 8. ಜೂನ್ 5ಕ್ಕೆ ಫೀಸ್ ಕಟ್ಟಿದ್ರ ಜುಲೈ 8ರ ತನಕ, ಅಂದ್ರ 33 ದಿನ ಬಡ್ಡಿ ಇಲ್ಲ. ಬೇಕಾಗಿದ್ದು ನಾಲ್ಕು ತಿಂಗಳು, ಸಿಗೋದು ಒಂದು.

"ಮಿನಿಮಮ್ ಕಟ್ತೀನಿ" ಅಂದಳು. ಶೇಕಡಾ 5ರಂತೆ 1,500. ಇಲ್ಲೇ ಕಾಲು ಜಾರೋದು. ಪೂರ್ತಿ ಬಿಲ್ ಕಟ್ಟದಿದ್ರ ಬಡ್ಡಿ ಜುಲೈ 8ರಿಂದ ಶುರುವಾಗೋದಿಲ್ಲ, ಹಿಂದಕ್ಕೆ ಹೋಗಿ ಜೂನ್ 5ರಿಂದ ಹಿಡೀತಾರ. ತಿಂಗಳಿಗೆ 3.5, ಅಂದ್ರ ವರ್ಷಕ್ಕೆ ಶೇಕಡಾ 42 ಅಂತಿಟ್ಕೊಳ್ರಿ. ಬರೀ 30,000 ಫೀಸನ್ನೇ ಹಿಡಿದ್ರೂ 33 ದಿನಕ್ಕೆ 1,139 ರೂಪಾಯಿ. ಉಳಿದ 28,500ರ ಮೇಲೆ ಜುಲೈ 20ರ ಬಿಲ್ ತನಕ 12 ದಿನಕ್ಕೆ ಇನ್ನೂ 394. ಜಿಎಸ್‌ಟಿ ಹಚ್ಚಿದ್ರ ಸುಮಾರು 1,809. ಕಟ್ಟಿದ್ದು 1,500, ಏರಿದ್ದು 1,809. ಸಾಲ ಇಳಿಯೋದು ಬಿಟ್ಟು ಬೆಳೀತು ನೋಡ್ರಿ. ಬಾಕಿ ಇರೋವರೆಗೂ ಅದೇ ಕಾರ್ಡಿನಲ್ಲಿ ತಂದ ಕಿರಾಣಿಗೂ ಮೊದಲ ದಿನದಿಂದಲೇ ಬಡ್ಡಿ, ಆ ಫ್ರೀ ದಿನಗಳು ಹೋದಂಗೇ.

ಇದನ್ನ ನಾನು ಪುಸ್ತಕ ನೋಡಿ ಹೇಳ್ತಿಲ್ಲ. ಮೊದಲ ಕೆಲಸದಲ್ಲಿದ್ದಾಗ ಮೂರು ತಿಂಗಳು ಮಿನಿಮಮ್ ಕಟ್ಟಿ, ಬಾಕಿ ಯಾಕ ಕಡಿಮೆ ಆಗ್ತಿಲ್ಲ ಅಂತ ಕಸ್ಟಮರ್ ಕೇರ್‌ನವರ ಜೊತೆ ಜಗಳಾಡಿದವ ನಾನು. ತಪ್ಪು ಅವರದ್ದಿರಲಿಲ್ಲ.

ಔರಾದ್‌ನಲ್ಲಿರೋ ನಮ್ಮ ಸೋದರಮಾವ ಇದನ್ನೆಲ್ಲ ಕೇಳಿ ನಕ್ಕರು. ಅವರ ಮಗಳ ಶಾಲೆಯಲ್ಲಿ ಸ್ವೈಪ್ ಮಷಿನೇ ಇಲ್ಲ, ಗೋಡೆಗೆ ಅಂಟಿಸಿದ ಕ್ಯೂಆರ್ ಒಂದೇ. ರುಪೇ ಕ್ರೆಡಿಟ್ ಕಾರ್ಡನ್ನ ಯುಪಿಐಗೆ ಜೋಡಿಸಬಹುದಲ್ಲ ಅಂತ ಟ್ರೈ ಮಾಡಿದ್ರು, ಆಗಲಿಲ್ಲ. ಅದು ವ್ಯಾಪಾರಿ ಕ್ಯೂಆರ್‌ಗೆ ಮಾತ್ರ ನಡೀತದ, ವ್ಯಕ್ತಿಯ ಖಾತೆಯ ಕ್ಯೂಆರ್‌ಗೆ ಅಲ್ಲ. ಗೋಡೆ ಮೇಲಿದ್ದದ್ದು ಎರಡನೇ ಥರದ್ದು.

ಕಡೆಗೆ ಅಕ್ಕ ಶಾಲೆ ಆಫೀಸಿಗೇ ಹೋಗಿ ಕೂತಳು. ಎರಡು ಮಾತು ಕೇಳು ಅಂದಿದ್ದೆ: ಮಷಿನ್‌ನಲ್ಲಿ ಸ್ವೈಪ್ ಮಾಡಿದ್ರ ಮೇಲೆ ಏನಾದ್ರೂ ಹಾಕ್ತೀರೇನ್ರಿ? ಕಂತು ಮಾಡಿಕೊಡ್ತೀರೇನ್ರಿ? ಮೊದಲನೇದು ಯಾಕಂದ್ರ, ಕೆಲವು ಕೌಂಟರ್‌ಗಳಲ್ಲಿ ಶೇಕಡಾ 2 ಮೇಲೆ ಕೇಳ್ತಾರ. 30,000ಕ್ಕೆ ಅದು 600, ಮತ್ತ ಅದೇ ಕಥೆ. ಇಲ್ಲಿ ಕೇಳಲಿಲ್ಲ. ಕಂತಿಗೂ ಒಪ್ಪಿದರು: ಜೂನ್, ಆಗಸ್ಟ್, ಅಕ್ಟೋಬರ್‌ಗೆ ಹತ್ತು ಹತ್ತು ಸಾವಿರ, ಬಡ್ಡಿ ಇಲ್ಲ. ಜೂನ್ ಕಂತನ್ನ ಮಷಿನ್‌ನಲ್ಲಿ ಸ್ವೈಪ್ ಮಾಡಿ, ಹಾಲಿನ ರೊಕ್ಕ ಕೂಡಿಸಿ ಜುಲೈ 6ಕ್ಕೇ ಪೂರ್ತಿ ಬಿಲ್ ಕಟ್ಟಿದಳು.

ಪಾಯಿಂಟ್ 100 ಬಂದವು. 25 ರೂಪಾಯಿ. ಅದನ್ನ ಹೆಂಗ ತಗೋಬೇಕು ಅಂತ ಕೇಳ್ಲಿಕ್ಕೆ ಮತ್ತ ಫೋನ್ ಮಾಡಿದ್ದಳು. 500 ಪಾಯಿಂಟ್ ಆಗೋ ತನಕ ತಗೊಳ್ಲಿಕ್ಕೆ ಬರಂಗಿಲ್ಲ ಅಕ್ಕಾ, ಅಂದೆ.