ಅದೇ ದುಡ್ಡು, ಅದೇ ಬಳೆ, ಅರ್ಧ ಚಿನ್ನ

ನಮ್ಮ ರೂಮ್‌ಮೇಟ್ ಒಬ್ಬನ ಅಕ್ಕನ ಮದುವೆ ಗೊತ್ತಾಗಿತ್ತು. ಅವರಮ್ಮ ಎರಡು ಬಳೆಗೆ ಅಂತ ದುಡ್ಡು ಕೂಡಿಟ್ಟಿದ್ದರು. ಅಂಗಡಿಗೆ ಹೋಗುವಷ್ಟರಲ್ಲಿ ರೇಟ್ ಏರಿಬಿಟ್ಟಿತ್ತು. ಆದರೂ ಎರಡು ಬಳೆ ಬಂದವು, ನೋಡೋಕೂ ದಪ್ಪಗೇ ಇದ್ದವು. ಕೈಯಲ್ಲಿ ಹಿಡಿದಾಗ ಮಾತ್ರ ಹಗುರ. ಇದು ಹೇಗಾಯ್ತು ಅಂತ ನಾವು ಮೂವರು ಕೂತು ಲೆಕ್ಕ ಹಾಕಿದೆವು.

ಮೊದಲು ರೇಟ್. 2024ರ ಶುರುವಿನಲ್ಲಿ 22 ಕ್ಯಾರೆಟ್ ಚಿನ್ನ ಗ್ರಾಂಗೆ ಆರು ಸಾವಿರದ ಆಸುಪಾಸಿನಲ್ಲಿತ್ತು. 2025ರ ಏಪ್ರಿಲ್‌ನಲ್ಲಿ ಹತ್ತು ಗ್ರಾಂ ಅಪರಂಜಿ ಮೊದಲ ಸಲ ಒಂದು ಲಕ್ಷ ಮುಟ್ಟಿದಾಗ, 22 ಕ್ಯಾರೆಟ್ ಗ್ರಾಂಗೆ ಸುಮಾರು ಒಂಬತ್ತು ಸಾವಿರ ಆಗಿತ್ತು. ಸಂಬಳ ಆ ವೇಗದಲ್ಲಿ ಏರಲ್ಲ, ಮುಹೂರ್ತವನ್ನೂ ಮುಂದಕ್ಕೆ ಹಾಕೋಕಾಗಲ್ಲ. ಬಳೆ ಇಲ್ಲದೆ ಮಗಳನ್ನು ಕಳಿಸೋ ಮಾತೇ ಇಲ್ಲ. ದುಡ್ಡು, ದಿನ, ಒಡವೆ ಮೂರೂ ಫಿಕ್ಸ್ ಆದಾಗ ಬದಲಾಗಬಲ್ಲದ್ದು ತೂಕ ಒಂದೇ.

25 ಗ್ರಾಂನ ಒಂದು ಗಟ್ಟಿ ಬಳೆ ತಗೊಳ್ಳಿ. ಗ್ರಾಂಗೆ 6,000 ಇದ್ದಾಗ ಚಿನ್ನಕ್ಕೆ 1,50,000 ರೂಪಾಯಿ. ಮಜೂರಿ ಶೇ. 12 ಅಂದರೆ 18,000. ಒಟ್ಟಿನ ಮೇಲೆ ಶೇ. 3 ಜಿಎಸ್‌ಟಿ ಸೇರಿದರೆ 1,73,040. ರೇಟ್ 9,000 ಆದ ಮೇಲೆ ಅಷ್ಟೇ ದುಡ್ಡಿಗೆ, ಅದೇ ಮಜೂರಿಯಲ್ಲಿ, ಸಿಗೋದು 16.7 ಗ್ರಾಂ ಮಾತ್ರ. ಅಷ್ಟರಲ್ಲಿ ಗಟ್ಟಿ ಬಳೆ ಮಾಡಿಸಿದರೆ ತೆಳ್ಳಗಾಗಿ, ನೆಂಟರ ಕಣ್ಣಿಗೆ ಬಡಕಲಾಗಿ ಕಾಣುತ್ತೆ.

ಇಲ್ಲಿ ನಮ್ಮ ಎಸ್‌ಒಎಂ ಕ್ಲಾಸು ನೆನಪಾಗುತ್ತೆ. 25 ಗ್ರಾಂನ ಬಳೆ ಅಂದರೆ ಸುಮಾರು 3 ಮಿ.ಮೀ. ದಪ್ಪದ ತಂತಿ. ಅದರ ಬದಲು ಹೊರಗೆ 3 ಮಿ.ಮೀ., ಒಳಗೆ 2 ಮಿ.ಮೀ. ವ್ಯಾಸದ ಕೊಳವೆ ಬಗ್ಗಿಸಿ ಬಳೆ ಮಾಡಿದರೆ? ತೂಕ ವ್ಯಾಸದ ವರ್ಗವನ್ನು ಹಿಂಬಾಲಿಸುತ್ತೆ: (9 − 4)/9, ಅಂದರೆ ಶೇ. 56. ಸುಮಾರು 14 ಗ್ರಾಂ ಸಾಕು. ಬಾಗುವುದಕ್ಕೆ ತೋರುವ ಬಿಗಿತ ಮಾತ್ರ ವ್ಯಾಸದ ನಾಲ್ಕನೇ ಘಾತವನ್ನು ಹಿಂಬಾಲಿಸುತ್ತೆ: (81 − 16)/81, ಅಂದರೆ ಶೇ. 80. ಚಿನ್ನ ಶೇ. 44 ಕಮ್ಮಿಯಾದರೂ ಬಿಗಿತ ಕಮ್ಮಿಯಾಗೋದು ಶೇ. 20 ಮಾತ್ರ. ಸೈಕಲ್ ಫ್ರೇಮ್ ಯಾಕೆ ಟೊಳ್ಳು ಅನ್ನೋದಕ್ಕೂ ಇದೇ ಉತ್ತರ. ನಡುವಿನ ಚಿನ್ನ ಕಣ್ಣಿಗೂ ಕಾಣಲ್ಲ, ಬಾಗುವುದನ್ನು ತಡೆಯೋಕೂ ಹೆಚ್ಚು ನೆರವಾಗಲ್ಲ.

ಆದರೆ ಕೊಳವೆಯ ಗೋಡೆ ಅರ್ಧ ಮಿಲಿಮೀಟರ್ ಅಷ್ಟೇ. ಪಾತ್ರೆ ತೊಳೆಯುವಾಗ ಸಿಂಕಿನ ಅಂಚಿಗೆ ಬಡಿದರೆ ಗಟ್ಟಿ ಬಳೆಗೆ ಗೀರು ಬೀಳುತ್ತೆ, ಟೊಳ್ಳು ಬಳೆಗೆ ತಗ್ಗು ಬೀಳುತ್ತೆ. ಒಳಗಿಂದ ಒತ್ತಿ ಸರಿಮಾಡೋಕೆ ದಾರಿಯಿಲ್ಲದ್ದರಿಂದ ರಿಪೇರಿ ಕಷ್ಟ.

ಬಿಲ್ ಕಥೆಯೂ ಬೇರೆ. ಟೊಳ್ಳು ಕೆಲಸಕ್ಕೆ ಶ್ರಮ ಜಾಸ್ತಿ, ಮಜೂರಿ ಶೇ. 18 ಅಂತಿಟ್ಟುಕೊಳ್ಳೋಣ. 14 ಗ್ರಾಂಗೆ ಚಿನ್ನದ ಬೆಲೆ 1,26,000. ಮಜೂರಿ, ತೆರಿಗೆ ಸೇರಿ 1,53,140. ಬಜೆಟ್ ಒಳಗೇ ಬಂತು, ಅಮ್ಮನಿಗೆ ನೆಮ್ಮದಿ. ಆದರೆ ಚಿನ್ನವಲ್ಲದ್ದಕ್ಕೆ ಹೋದ ದುಡ್ಡು ನೋಡಿ. ಗಟ್ಟಿ ಬಳೆಯಲ್ಲಿ 23,040 ಇದ್ದದ್ದು ಇಲ್ಲಿ 27,140. ಒಂದೊಂದು ಗ್ರಾಂ ಮೇಲಿನ ಹೊರೆ 922ರಿಂದ 1,939ಕ್ಕೆ ಏರಿತು. ಮಾರುವಾಗ ಈ ದುಡ್ಡು ವಾಪಸ್ ಬರಲ್ಲ.

ಇದು ನಮಗೆ ಯಾಕೆ ಬೇಕು ಅಂದರೆ, ನಮ್ಮ ರೂಮಿನಲ್ಲೇ ಒಬ್ಬನ ಮೊದಲ ವರ್ಷದ ಫೀಸು ಅಮ್ಮನ ಬಳೆ ಅಡ ಇಟ್ಟು ಬಂದದ್ದು. ಬ್ಯಾಂಕಿನವರು ಬಳೆಯ ದಪ್ಪ ನೋಡಲ್ಲ, ಚಿನ್ನದ ತೂಕ ಮತ್ತು ಶುದ್ಧತೆ ನೋಡ್ತಾರೆ. ಮದುವೆಮನೆಯಲ್ಲಿ ಎರಡೂ ಬಳೆ ಒಂದೇ ಥರ ಕಂಡರೂ ಕಷ್ಟಕಾಲದಲ್ಲಿ ಒಂದು 25 ಗ್ರಾಂ, ಇನ್ನೊಂದು 14 ಗ್ರಾಂ.

ಹಾಗಂತ ಟೊಳ್ಳು ಬಳೆ ಮೋಸವಲ್ಲ, ತಿಳಿದು ಕೊಂಡರೆ ಸಾಕು. ಬಿಲ್ಲಿನಲ್ಲಿ ಒಟ್ಟು ತೂಕ, ನಿವ್ವಳ ಚಿನ್ನದ ತೂಕ ಬೇರೆಬೇರೆ ಬರೆಸಿ. ಒಳಗೆ ಅರಗು ತುಂಬಿದ್ದರೆ, ಕಲ್ಲು ಕೂರಿಸಿದ್ದರೆ ಅದು ಚಿನ್ನದ ರೇಟಿಗೆ ಸೇರಬಾರದು. 916 ಮುದ್ರೆ ಜೊತೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇರುತ್ತೆ, ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಮಜೂರಿ ಶೇಕಡಾ ಲೆಕ್ಕದಲ್ಲಿದ್ದರೆ ಚೌಕಾಸಿ ಮಾಡಿ. ಅದೇ 25 ಗ್ರಾಂ ಬಳೆಗೆ ಶೇ. 12ರ ಮಜೂರಿ, ರೇಟ್ ಏರಿದ ಮಾತ್ರಕ್ಕೆ 18,000ದಿಂದ 27,000 ಆಗುತ್ತೆ, ಕೆಲಸ ಒಂದು ಕೂದಲಷ್ಟೂ ಹೆಚ್ಚಾಗಿರಲ್ಲ.

ನಮ್ಮ ರೂಮ್‌ಮೇಟ್ ಈ ಲೆಕ್ಕವನ್ನು ಅಮ್ಮನಿಗೆ ಫೋನಲ್ಲಿ ಹೇಳಿದ. ಅವರು ಕೇಳಿಸಿಕೊಂಡು, "ಗೊತ್ತು ಕಣೋ, ಅದಕ್ಕೇ ನನ್ನ ಹಳೇ ಗಟ್ಟಿ ಬಳೆ ಹಾಕಿ ಎಕ್ಸ್‌ಚೇಂಜ್ ಮಾಡದೆ ಹಾಗೇ ಇಟ್ಕೊಂಡಿದೀನಿ" ಅಂದರಂತೆ.