ಚಾರಿಟಿ ಓಟದ ಸ್ವಯಂಸೇವಕರಿಗೆ: ಓಟಗಾರರು ತತ್ತರಿಸಿದರೆ ಏನು ಮಾಡಬೇಕು?

ರೋಗಿಗಳ ನೆರವಿಗಾಗಿ ನಡೆಯುವ 5 ಕಿ.ಮೀ. ಓಟಗಳಲ್ಲಿ ರೋಗಿಗಳ ಮನೆಯವರೇ ಅನೇಕ ಬಾರಿ ಸ್ವಯಂಸೇವಕರಾಗಿರುತ್ತಾರೆ. ನೀವೂ ಅವರಲ್ಲಿ ಒಬ್ಬರಾಗಿದ್ದರೆ ಇಷ್ಟು ತಿಳಿದಿರಲಿ.

ನೀರಿನ ಮೇಜಿನಲ್ಲಿ

ಲೋಟಕ್ಕೆ ಅರ್ಧ ಮಾತ್ರ ನೀರು ತುಂಬಿ. ಓಡುತ್ತಾ ಕುಡಿಯುವಾಗ ಚೆಲ್ಲುವುದಿಲ್ಲ. ಬಾಯಾರಿದವರು ಕುಡಿಯಲಿ, ಬೇಡ ಎಂದವರನ್ನು ಒತ್ತಾಯಿಸಬೇಡಿ. ನಿಧಾನವಾಗಿ ನಡೆಯುವವರು ಪ್ರತಿ ಮೇಜಿನಲ್ಲೂ ಅತಿಯಾಗಿ ನೀರು ಕುಡಿದರೆ ರಕ್ತದಲ್ಲಿನ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಕಾಣಿಸಿಕೊಳ್ಳಬಹುದು. ಮೇಜಿನ ಕೆಳಗೆ ಒಂದು ಬಕೆಟ್‌ನಲ್ಲಿ ಐಸ್ ನೀರು ಮತ್ತು ಟವೆಲ್‌ಗಳನ್ನು ಇಟ್ಟುಕೊಳ್ಳಿ. ಅದು ಕುಡಿಯಲು ಅಲ್ಲ, ತುರ್ತಿಗೆ.

ಮಾರ್ಷಲ್ ಆಗಿದ್ದರೆ

ನೀವು ನಿಂತಿರುವ ಜಾಗ ಎಷ್ಟನೇ ಕಿ.ಮೀ., ಹತ್ತಿರದ ಗುರುತು ಯಾವುದು, ವೈದ್ಯಕೀಯ ತಂಡದ ಫೋನ್ ನಂಬರ್ ಏನು ಎಂಬುದನ್ನು ಓಟ ಶುರುವಾಗುವ ಮೊದಲೇ ಬರೆದಿಟ್ಟುಕೊಳ್ಳಿ. ಗಾಬರಿಯಲ್ಲಿ ಇವೇ ಮರೆತುಹೋಗುತ್ತವೆ.

ಒಂದು ಉದಾಹರಣೆ

ಸೆಕೆಯ ಬೆಳಿಗ್ಗೆ, ನಾಲ್ಕನೇ ಕಿ.ಮೀ. ಒಬ್ಬರು ಅಡ್ಡಾದಿಡ್ಡಿ ಓಡುತ್ತಾ ಬರುತ್ತಾರೆ. ಹೆಸರು ಕೇಳಿದರೆ ಏನೇನೋ ಹೇಳುತ್ತಾರೆ. ಮೈ ಸುಡುತ್ತಿದೆ, ಬೆವರೂ ಸುರಿಯುತ್ತಿದೆ. ಬೆವರು ಇದೆಯೆಂದು ಇದು ಶಾಖಾಘಾತವಲ್ಲ ಎಂದುಕೊಳ್ಳಬೇಡಿ. ಓಡುವಾಗ ಆಗುವ ಶಾಖಾಘಾತದಲ್ಲಿ ಮೈ ಒದ್ದೆಯಾಗಿರುವುದು ಸಾಮಾನ್ಯ. ಮಾತಿನಲ್ಲಿ, ನಡೆಯಲ್ಲಿ ಕಾಣುವ ಗೊಂದಲವೇ ಮುಖ್ಯ ಸೂಚನೆ.

ಒಬ್ಬರು ವೈದ್ಯಕೀಯ ತಂಡಕ್ಕೆ ಫೋನ್ ಮಾಡಿ, ಆಂಬ್ಯುಲೆನ್ಸ್‌ಗೆ ದಾರಿ ಬಿಡಿಸಲಿ. ಇನ್ನೊಬ್ಬರು ಅವರನ್ನು ನೆರಳಿನಲ್ಲಿ ಮಲಗಿಸಿ, ಬಟ್ಟೆ ಸಡಿಲಿಸಿ, ಮೈತುಂಬಾ ತಣ್ಣೀರು ಸುರಿಯಲಿ. ಐಸ್ ನೀರಲ್ಲಿ ಅದ್ದಿದ ಟವೆಲ್‌ಗಳನ್ನು ತಲೆ, ಎದೆ, ಕಂಕುಳು, ತೊಡೆಗಳ ಮೇಲೆ ಹಾಕಿ ಗಾಳಿ ಬೀಸಿ. ಟವೆಲ್ ಬೇಗ ಬಿಸಿಯಾಗುತ್ತದೆ, ಆದ್ದರಿಂದ ಪದೇಪದೇ ಬದಲಿಸಿ. ಆಂಬ್ಯುಲೆನ್ಸ್ ಬರಲಿ ಎಂದು ಕಾಯುತ್ತಾ ಕೂರಬೇಡಿ. ದೇಹದ ಬಿಸಿ ಎಷ್ಟು ಹೊತ್ತು ಹೆಚ್ಚಿರುತ್ತದೋ ಮಿದುಳು, ಯಕೃತ್ತು, ಮೂತ್ರಪಿಂಡಗಳಿಗೆ ಅಷ್ಟು ಹಾನಿ. ಗೊಂದಲದಲ್ಲಿರುವವರ ಬಾಯಿಗೆ ನೀರು ಹಾಕಬೇಡಿ, ಉಸಿರುನಾಳಕ್ಕೆ ಹೋಗಬಹುದು. ಪ್ಯಾರಾಸಿಟಮಾಲ್ ಇಲ್ಲಿ ಕೆಲಸ ಮಾಡುವುದಿಲ್ಲ.

ಮಧುಮೇಹ ಇರುವವರಲ್ಲಿ ಸಕ್ಕರೆ ಇಳಿದರೂ, ಅತಿಯಾಗಿ ನೀರು ಕುಡಿದವರಲ್ಲೂ ಇಂಥದೇ ಗೊಂದಲ ಇರಬಹುದು. ಯಾವುದೆಂದು ನೀವು ನಿರ್ಧರಿಸಬೇಕಿಲ್ಲ. ಬಿಬ್‌ನ ಹಿಂಬದಿಯಲ್ಲಿ ಕಾಯಿಲೆಯ ವಿವರ ಬರೆದಿದ್ದರೆ ಅದನ್ನು ವೈದ್ಯರಿಗೆ ತೋರಿಸಿ.

ಕರೆದರೂ ಎಚ್ಚರವಾಗದಿದ್ದರೆ

ಭುಜ ತಟ್ಟಿ ಕರೆಯಿರಿ. ಪ್ರತಿಕ್ರಿಯೆ ಇಲ್ಲ, ಉಸಿರಾಟವೂ ಸಹಜವಾಗಿಲ್ಲ ಎಂದರೆ ಹೃದಯ ನಿಂತಿದೆ ಎಂದೇ ಭಾವಿಸಿ. ಆಗೊಮ್ಮೆ ಈಗೊಮ್ಮೆ ಏದುಸಿರು ಎಳೆಯುವುದು ಉಸಿರಾಟವಲ್ಲ. 112ಕ್ಕೆ ಕರೆ ಮಾಡಿಸಿ, ಎಇಡಿ ಯಂತ್ರ ತರಿಸಿ. ಎದೆಯ ನಡುವೆ ಎರಡೂ ಕೈಯಿಟ್ಟು ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂ.ಮೀ. ಆಳಕ್ಕೆ ಒತ್ತಿ. ಪ್ರತಿ ಸಲ ಎದೆ ಪೂರ್ತಿ ಮೇಲೇಳಲಿ. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಲಿ, ದಣಿದ ಕೈಯ ಒತ್ತಡ ಸಾಲದು. ವೈದ್ಯಕೀಯ ತಂಡ ಬಂದು ವಹಿಸಿಕೊಳ್ಳುವವರೆಗೂ ನಿಲ್ಲಿಸಬೇಡಿ.