ಗಂಟೆಗೆ ನಾಲ್ವರು ಎಂದರೆ ನಾಲ್ವರೇ ಅಲ್ಲ

ಔಷಧಿ ಅಂಗಡಿಯೊಂದಕ್ಕೆ ಮಧ್ಯಾಹ್ನದ ಹೊತ್ತು ಗಂಟೆಗೆ ಸರಾಸರಿ ನಾಲ್ಕು ಗಿರಾಕಿಗಳು ಬರುತ್ತಾರೆ ಎಂದುಕೊಳ್ಳಿ. ಕೌಂಟರಿನಲ್ಲಿರುವ ಒಬ್ಬನೇ ಹುಡುಗ ಗಂಟೆಗೆ ಆರು ಮಂದಿಯನ್ನು ನಿಭಾಯಿಸಬಲ್ಲ. ಅವನೊಬ್ಬನೇ ಸಾಕೇ?

ಇದಕ್ಕೆ ಉತ್ತರ ಕೊಡುವ ಸೂತ್ರ ಫ್ರೆಂಚ್ ಗಣಿತಜ್ಞ ಪ್ವಾಸೋನ್ 1837ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿದೆ:

P(k) = λ^k · e^(−λ) / k!

ಇಲ್ಲಿ λ ಎಂದರೆ ಸರಾಸರಿ, k ಎಂದರೆ ನಿಜಕ್ಕೂ ಬರುವವರ ಸಂಖ್ಯೆ. ಸರಾಸರಿ ನಾಲ್ಕಾದರೆ, ಒಬ್ಬರೂ ಬಾರದಿರುವ ಸಂಭವ e^(−4), ಅಂದರೆ 0.018. ಮುಂದಿನ ಲೆಕ್ಕ ಸುಲಭ. ಇದನ್ನು 4/1ರಿಂದ ಗುಣಿಸಿದರೆ ಒಬ್ಬರು ಬರುವ ಸಂಭವ 0.073; ಅದನ್ನು 4/2ರಿಂದ ಗುಣಿಸಿದರೆ ಇಬ್ಬರದು 0.147. ಹೀಗೇ ಸಾಗಿದರೆ ಮೂವರಿಗೂ ನಾಲ್ವರಿಗೂ 0.195 ಸಿಗುತ್ತದೆ. ಸರಿಯಾಗಿ ನಾಲ್ವರೇ ಬರುವುದು ಐದು ಗಂಟೆಗಳಲ್ಲಿ ಸುಮಾರು ಒಂದರಲ್ಲಿ ಮಾತ್ರ!

ಸೊನ್ನೆಯಿಂದ ಆರರವರೆಗಿನ ಸಂಭವಗಳನ್ನು ಕೂಡಿದರೆ 0.889. ಉಳಿದ ಶೇ 11ರಷ್ಟು ಗಂಟೆಗಳಲ್ಲಿ, ಅಂದರೆ ಒಂಬತ್ತರಲ್ಲಿ ಒಂದರಲ್ಲಿ, ಏಳು ಅಥವಾ ಹೆಚ್ಚು ಮಂದಿ ಬಂದು ಹುಡುಗನ ಕೈ ಸಾಲದಾಗುತ್ತದೆ. ಅಷ್ಟನ್ನು ಸಹಿಸಬಹುದೇ ಎಂದು ಮಾಲೀಕರು ತೀರ್ಮಾನಿಸಬೇಕು.

ಆದರೆ ಗಿರಾಕಿಗಳು ಒಬ್ಬರ ಹಂಗಿಲ್ಲದೆ ಇನ್ನೊಬ್ಬರು ಬರಬೇಕು, ಸರಾಸರಿಯೂ ಬದಲಾಗಬಾರದು. ಪಕ್ಕದ ಕ್ಲಿನಿಕ್ಕಿನಿಂದ ರೋಗಿಗಳು ಗುಂಪಾಗಿ ಬಂದರೆ ಲೆಕ್ಕ ತಪ್ಪುತ್ತದೆ. ಪತ್ತೆಹಚ್ಚುವುದು ಹೀಗೆ: ಹಲವು ದಿನ ಗಂಟೆಗಂಟೆಯ ಸಂಖ್ಯೆ ಬರೆದಿಡಿ. ಪ್ರತಿ ಸಂಖ್ಯೆಗೂ ಸರಾಸರಿಗೂ ಇರುವ ವ್ಯತ್ಯಾಸದ ವರ್ಗಗಳ ಸರಾಸರಿ ತೆಗೆಯಿರಿ. ಅದೂ ನಾಲ್ಕರ ಆಸುಪಾಸಿನಲ್ಲಿದ್ದರೆ ಸೂತ್ರ ಹೊಂದುತ್ತದೆ; ಹತ್ತೋ ಹನ್ನೆರಡೋ ಆದರೆ ಶೇ 11ನ್ನು ನಂಬಬೇಡಿ, ದಟ್ಟಣೆಯ ಹೊತ್ತಿಗೆ ಬೇರೆ λ ಹಿಡಿದು ಲೆಕ್ಕ ಹಾಕಿ.